ಬೆನ್ನು, ಕಣ್ಣು, ಹಿಕ್ಕಿ: ಹತ್ತು ಆಡುಗಳ ಮೊದಲ ವರ್ಷ

ಬೆಂಗಳೂರಿನಲ್ಲಿ ಎಂಟು ವರ್ಷ ಗಾಡಿ ಓಡಿಸಿದ ಹುಡುಗ ಆ ವರ್ಷ ಸಂಕ್ರಾಂತಿಗೆ ಬಂದವನು ಮರಳಿ ಹೋಗಲಿಲ್ಲ. ಹುನಗುಂದ ತಾಲೂಕಿನ ಹಳ್ಳಿ, ಎರಡೆಕರೆ ಮಸಾರಿ ಹೊಲ, ಕೈಯಲ್ಲಿ ಒಂದಿಷ್ಟು ಉಳಿತಾಯ. ಮೊಬೈಲಿನಲ್ಲಿ ಒಂದು ನಕ್ಷೆ ಇಟ್ಟುಕೊಂಡಿದ್ದ: ಐವತ್ತು ಆಡು, ನೆಲದಿಂದ ಎತ್ತರಕ್ಕೆ ಹಲಗೆ ಹಾಸಿದ ಶೆಡ್ಡು, ಮೇಲೆ ತಗಡು. ಅದನ್ನು ಊರ ಹೊರಗೆ ದಡ್ಡಿ ಹಾಕಿಕೊಂಡಿದ್ದ ಕುರುಬರ ಮುತ್ಯಾನಿಗೆ ತೋರಿಸಿದ. ಮುತ್ಯಾ ಬಹಳ ಹೊತ್ತು ನೋಡಿ ಹೇಳಿದ್ದು ಇಷ್ಟು:

"ಶೆಡ್ಡ ಆಮ್ಯಾಲ ಕಟ್ಟಿಯಂತ ತಮ್ಮಾ. ಮೊದ್ಲ ಹತ್ತು ಹೆಣ್ಣಾಡ ತಗೋ. ಒಂದ ಮಳಿಗಾಲ ಅವನ್ನ ಜ್ವಾಕಿ ಮಾಡಿ ದಾಟಸು."

ಈ ಮಾರ್ಗದರ್ಶಿ ಆ ಒಂದು ವರ್ಷದ ಜೊತೆಗೇ ನಡೆಯುತ್ತದೆ. ಹತ್ತೇ ಯಾಕೆ ಅಂದರೆ, ಹೊಸಬನಿಗೆ ಹತ್ತು ಆಡಿನ ಮುಖ ಗುರುತಾಗುತ್ತವೆ, ಐವತ್ತರದು ಆಗುವುದಿಲ್ಲ. ಮುಖ ಗುರುತಿಲ್ಲದವನಿಗೆ ಇವತ್ತು ಯಾವುದು ಹಿಂದೆ ಬಿತ್ತು, ಯಾವುದು ಮೆಲುಕು ಹಾಕಲಿಲ್ಲ ಎಂಬುದೇ ತಿಳಿಯದು. ಕೊಳ್ಳುವುದಕ್ಕೆ ಫೆಬ್ರುವರಿ ಯಾಕೆ ಅಂದರೆ, ತೊಗರಿ ರಾಶಿ ಮುಗಿದು ಕಡಲಿಯೂ ಕಣಕ್ಕೆ ಬರುವ ಹೊತ್ತು ಅದು. ಹೊಟ್ಟು ಅಗ್ಗವಾಗಿ ಸಿಗುತ್ತದೆ, ನೆಲ ಒಣಗಿರುತ್ತದೆ. ಮಳೆ ಬರುವುದರೊಳಗೆ ಹೊಸ ಆಡುಗಳಿಗೆ ಜಾಗ ಒಗ್ಗಲು ಮೂರೂವರೆ ತಿಂಗಳು ಸಿಗುತ್ತದೆ. ಮಳೆಗಾಲದ ನಡುವೆ ಆಡು ತಂದವರು ಕಳೆದುಕೊಳ್ಳುವುದೇ ಹೆಚ್ಚು.

ಸಂತೆಯಲ್ಲಿ: ಮೊದಲು ಬೆನ್ನು, ಆಮೇಲೆ ಹಲ್ಲು

ಅಮೀನಗಡದ ಸಂತೆಗೆ ಬೆಳಕು ಹರಿಯುವ ಮುಂಚೆ ಹೋಗಬೇಕು. ಹುಡುಗನ ಕಣ್ಣು ನೇರವಾಗಿ ಹೋದದ್ದು ಹೊಟ್ಟೆ ತುಂಬಿ ಮಿರಮಿರ ಮಿಂಚುತ್ತಿದ್ದ ಒಂದು ಕರಿಯಾಡಿನ ಮೇಲೆ. ಮುತ್ಯಾ ಅವನ ಕೈ ಹಿಡಿದು ಅದರ ನಡುವಿನ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ ಇಟ್ಟ. ಬೆನ್ನುಮೂಳೆ ಗರಗಸದಂತೆ ಬೆರಳಿಗೆ ಚುಚ್ಚಿತು.

"ಹೊಟ್ಟಿ ನೀರಿನಿಂದ ತುಂಬತೈತಿ. ಬೆನ್ನ ನೀರಿನಿಂದ ತುಂಬೂದಿಲ್ಲ."

ಸಂತೆಯ ಹಿಂದಿನ ರಾತ್ರಿ ಉಪ್ಪು ತಿನ್ನಿಸಿ ಬೆಳಿಗ್ಗೆ ನೀರು ಕುಡಿಸಿ ತರುವುದು ಹಳೆಯ ವಿದ್ಯೆ. ಹೊಟ್ಟೆ ನೋಡಿ ಬೆಲೆ ಕಟ್ಟಿದರೆ ನೀರಿಗೆ ದುಡ್ಡು ಕೊಟ್ಟಂತೆ. ನಡುವಿನ ಮೂಳೆಯ ಎರಡೂ ಬದಿ ಮಾಂಸ ಕೈಗೆ ಸಿಗಬೇಕು. ಮೂಳೆ ಇರುವುದು ತಿಳಿಯಬೇಕು, ಆದರೆ ಚುಚ್ಚಬಾರದು.

ಆಮೇಲೆ ಬಾಯಿ. ಆಡಿಗೆ ಮೇಲ್ದವಡೆಯ ಮುಂದೆ ಹಲ್ಲೇ ಇರುವುದಿಲ್ಲ, ಗಟ್ಟಿ ಒಸಡು ಮಾತ್ರ. ಕೆಳಗಿನ ಎಂಟು ಮುಂಹಲ್ಲುಗಳಲ್ಲಿ ವಯಸ್ಸು ಬರೆದಿರುತ್ತದೆ. ಎಂಟೂ ಸಣ್ಣ, ಚೂಪು ಹಾಲ್ಹಲ್ಲಾದರೆ ವರ್ಷ ತುಂಬಿಲ್ಲ. ನಡುವಿನ ಎರಡು ಉದುರಿ ಅಗಲವಾದ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ. ನಾಲ್ಕು ಹಲ್ಲಾದರೆ ಎರಡರ ಆಸುಪಾಸು, ಆರಾದರೆ ಎರಡೂವರೆಯಿಂದ ಮೂರು. ಎಂಟೂ ಬಂದು ಬಾಯಿ ಕೂಡಿದ್ದರೆ ಮೂರೂವರೆ, ನಾಲ್ಕು. ಅದರಾಚೆ ಹಲ್ಲುಗಳ ನಡುವೆ ಸಂದು ಬೀಳುತ್ತದೆ, ಆಮೇಲೆ ಮುರಿಯುತ್ತವೆ. ಮೊದಲ ಹಿಂಡಿಗೆ ಎರಡು ಮತ್ತು ನಾಲ್ಕು ಹಲ್ಲಿನವೇ ಸರಿ. ಮುರಿದ ಹಲ್ಲಿನ ಆಡು ಅಗ್ಗವಾಗಿ ಸಿಗುತ್ತದೆ, ಆದರೆ ಬೇಸಿಗೆಯ ಒಣ ಕಣಕಿಯನ್ನು ಕಡಿಯಲಾರದೆ ಸೊರಗುತ್ತದೆ.

ಬಾಲ ಎತ್ತಿ ನೋಡಬೇಕು: ಒಣಗಿದ್ದರೆ ಒಳ್ಳೆಯದು, ಹಿಕ್ಕಿ ಮೆತ್ತಿಕೊಂಡಿದ್ದರೆ ಬೇಡ. ಕೆಚ್ಚಲನ್ನು ಎರಡೂ ಕೈಯಲ್ಲಿ ಹಿಡಿದು ಹಿಸುಕಬೇಕು. ಒಳಗೆ ಗಂಟು ಸಿಕ್ಕರೆ, ಒಂದು ಪಾಲು ಕಲ್ಲಿನಂತಿದ್ದರೆ ಹಿಂದೆ ಕೆಚ್ಚಲು ಬಾವು ಬಂದು ಹೋಗಿದೆ, ಮುಂದೆ ಮರಿಗೆ ಹಾಲಿಲ್ಲ. ಮೂಗಲ್ಲಿ ಸಿಂಬಳ, ಕಣ್ಣಲ್ಲಿ ಪಿಸುರು ಇದ್ದ ಒಂದೇ ಆಡು ಆ ವ್ಯಾಪಾರಿಯ ಗುಂಪಿನಲ್ಲಿ ಕಂಡರೂ ಅದರ ಜೊತೆಗಿರುವ ಯಾವುದನ್ನೂ ಕೊಳ್ಳಬಾರದು. ಈ ವಿಷಯದಲ್ಲಿ ಮುತ್ಯಾ ಬಹಳ ಕಠಿಣ. ಅಂದು ಏಳು ಆಡು ಕೊಂಡು ಮೂರಕ್ಕೆ ಮುಂದಿನ ಸಂತೆಗೆ ಕಾದರು.

ಹೋತ ಕೊಳ್ಳಲಿಲ್ಲ. ಇಪ್ಪತ್ತು ಇಪ್ಪತ್ತೈದು ಹೆಣ್ಣಾಡಿಗೆ ಒಂದು ಹೋತ ಸಾಕು. ಹತ್ತಕ್ಕಾಗಿ ಇಡೀ ವರ್ಷ ಅದಕ್ಕೆ ಮೇವು ಹಾಕುವ ಬದಲು ಮುತ್ಯಾನ ಹೋತನನ್ನು ಎರಡು ತಿಂಗಳ ಮಟ್ಟಿಗೆ ತರುವುದೆಂದು ಮಾತಾಯಿತು.

ಮೊದಲ ಮೂರು ವಾರ ಮತ್ತು ದಡ್ಡಿ

ಸಂತೆಯ ಆಡನ್ನು ತಂದ ದಿನವೇ ಬೇರೆ ಆಡುಗಳ ಜೊತೆ ಕೂಡಿಸಬಾರದು. ಮೂರು ವಾರ ಬೇರೆ ಕಟ್ಟಬೇಕು, ನೀರಿನ ಬಾನಿಯೂ ಬೇರೆ. ಆಡು ಕುರಿಗಳಿಗೆ ಬರುವ ಪಿಪಿಆರ್‌ನಂಥ ಅಂಟುಬೇನೆ ಮೈಗೆ ಸೇರಿದ್ದರೆ ಸಾಮಾನ್ಯವಾಗಿ ವಾರ ಹತ್ತು ದಿನದೊಳಗೆ ಜ್ವರ, ಮೂಗಿನ ನೀರು, ಬಾಯಿ ಹುಣ್ಣು, ಭೇದಿಯಾಗಿ ಹೊರಬೀಳುತ್ತದೆ. ಮೂರು ವಾರ ಅಂದರೆ ಅದಕ್ಕೂ ಸ್ವಲ್ಪ ಹೆಚ್ಚು ಕಾದಂತೆ. ಎರಡನೇ ಸಂತೆಯ ಮೂರು ಆಡುಗಳಿಗೆ ಎಣಿಕೆ ಹೊಸದಾಗಿ ಶುರುವಾಗುತ್ತದೆ, ಮೊದಲಿನ ಏಳರ ಲೆಕ್ಕಕ್ಕೆ ಸೇರುವುದಿಲ್ಲ.

ಶೆಡ್ಡಿನ ಬದಲು ಹುಡುಗ ಕಟ್ಟಿದ್ದು ಜಾಲಿ ಕಂಟಿಯ ಬೇಲಿ, ಒಂದು ಬದಿಗೆ ತಗಡಿನ ಇಳಿಜಾರು. ದೊಡ್ಡ ಆಡೊಂದಕ್ಕೆ ಸೂರಿನಡಿ ಹತ್ತು ಚದರಡಿ ಬೇಕು, ಅಂದರೆ ಹತ್ತಕ್ಕೆ ನೂರು. ಅದರ ಎರಡರಷ್ಟು ಬಯಲು ಮುಂದೆ. ಎರಿ ಮಣ್ಣಿನ ನೆಲವಾದರೆ ಮಳೆಗೆ ಕೆಸರಾಗುತ್ತದೆ, ಗೊರಸು ಕೊಳೆಯುತ್ತದೆ. ಆದ್ದರಿಂದ ಅರ್ಧ ಅಡಿ ಗರಸು ಹಾಕಿ ಬಡಿಯಬೇಕು, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಕೊಡಬೇಕು. ದಡ್ಡಿ ಸರಿಯಿದೆಯೋ ಇಲ್ಲವೋ ಎಂದು ನೋಡಲು ಮುತ್ಯಾ ಒಂದು ರೀತಿ ಹೇಳಿಕೊಟ್ಟ: ಬೆಳಗಿನ ಜಾವ ಕಸ ಬಳಿಯುವ ಮುಂಚೆ ಒಳಗೆ ಕುಕ್ಕರಗಾಲಲ್ಲಿ ಕೂಡು. ನಿಂತವನ ಮೂಗಿಗೆ ಬರದ ಉಚ್ಚೆಯ ಘಾಟು ಆಡಿನ ಮೂಗಿನೆತ್ತರದಲ್ಲಿ ಇರುತ್ತದೆ. ಕೂತಾಗ ಕಣ್ಣು ಉರಿದರೆ ಆಡುಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ, ಇನ್ನು ಕೆಮ್ಮು ದೂರವಿಲ್ಲ.

ಮದುವೆಯ ಅನ್ನ

ಇಪ್ಪತ್ತೈದು ಕಿಲೋ ತೂಗುವ ಆಡಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣ ಲೆಕ್ಕದ ಆಹಾರ ಬೇಕು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದು ಎರಡೂವರೆ ಕಿಲೋ ಸೊಪ್ಪು, ಮೇಲೆ ನಾನೂರು ಗ್ರಾಂ ತೊಗರಿ ಅಥವಾ ಶೇಂಗಾ ಹೊಟ್ಟು ಎಂದಾಗುತ್ತದೆ. ಐದಾರು ತಾಸು ಬಯಲು ಮೇಯ್ದು ಬಂದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಬನ್ನಿ, ಬೋರೆ, ಬೇವಿನ ಟೊಂಗೆ ಕಡಿದು ಎದೆಯೆತ್ತರಕ್ಕೆ ತೂಗು ಹಾಕಬೇಕು. ನೆಲಕ್ಕೆ ಚೆಲ್ಲಿ ತುಳಿದ ಸೊಪ್ಪನ್ನು ಆಡು ಮೂಸಿಯೂ ನೋಡುವುದಿಲ್ಲ. ಉದುರಿದ ಕರಿಜಾಲಿ ಕಾಯಿ ಆರಿಸಿ ಒಣಗಿಸಿಟ್ಟರೆ ದಿನಕ್ಕೆ ಎರಡು ಹಿಡಿ ಕೊಡಬಹುದು. ಇಷ್ಟನ್ನು ಹುಡುಗ ಬೇಗ ಕಲಿತ.

ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ಊರಲ್ಲಿ ಮದುವೆ, ಬಹಳ ಅನ್ನ ಉಳಿದಿತ್ತು. ಚೆಲ್ಲುವುದು ಬೇಡವೆಂದು ಎರಡು ಬುಟ್ಟಿ ತಂದು ದಡ್ಡಿಗೆ ಸುರಿದ. ಆಡುಗಳು ಮುಗಿಬಿದ್ದು ತಿಂದವು. ಮರುದಿನ ಬೆಳಿಗ್ಗೆ ಎರಡು ಆಡು ಏಳಲಿಲ್ಲ. ಹಲ್ಲು ಕರಕರ ಕಡಿಯುತ್ತಿದ್ದವು, ಮೆಲುಕಿಲ್ಲ, ಎಡ ಹೊಟ್ಟೆಗೆ ಮುಷ್ಟಿಯಿಂದ ದೂಡಿದರೆ ಒಳಗೆ ಕೊಡದಲ್ಲಿ ನೀರು ಅಲುಗಿದ ಸದ್ದು. ಹಿಂದೆ ಹುಳಿ ವಾಸನೆಯ ಭೇದಿ.

ಇದು ಹೊಟ್ಟೆ ಉಬ್ಬರವಲ್ಲ. ಎರಡನ್ನೂ ಬೇರೆ ಮಾಡಿ ತಿಳಿಯುವುದು ಮುಖ್ಯ, ಯಾಕೆಂದರೆ ಮದ್ದು ಬೇರೆ. ಉಬ್ಬರದಲ್ಲಿ ಎಡಪಕ್ಕೆಯ ಹಿಂದಿನ ಕುಳಿ ಮೇಲೆದ್ದು ಬಡಿದರೆ ಡೋಲಿನ ಸದ್ದು ಬರುತ್ತದೆ, ಒಳಗೆ ಗಾಳಿ. ಐವತ್ತರಿಂದ ನೂರು ಮಿಲಿ ಶೇಂಗಾ ಎಣ್ಣೆ ಕುಡಿಸಿ ನಡೆದಾಡಿಸುವುದು ಅದಕ್ಕೆ ಮೊದಲ ಉಪಾಯ. ಅನ್ನ, ಜೋಳ, ಗೋವಿನಜೋಳದ ನುಚ್ಚು ಒಮ್ಮೆಲೇ ಹೆಚ್ಚು ತಿಂದಾಗ ಹೊಟ್ಟೆಯೊಳಗಿನ ಕಾಳಿನ ಪಿಷ್ಟ ಹುಳಿಯುತ್ತದೆ. ಹುಳಿ ಹೆಚ್ಚಾದಂತೆ ಮೇವು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ನೀರಿನ ಸದ್ದು ಬರುವುದು ಅದರಿಂದ.

ಮುತ್ಯಾ ಎರಡಕ್ಕೂ ಇಪ್ಪತ್ತು ಗ್ರಾಂನಷ್ಟು ಅಡುಗೆ ಸೋಡಾವನ್ನು ಅರ್ಧ ಲೀಟರ್ ಬೆಚ್ಚನೆ ನೀರಿಗೆ ಕಲಸಿ ಕುಡಿಸಿದ, ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿಸಿ ಪಶು ವೈದ್ಯರನ್ನು ಕರೆಸಿದ. ಕುಡಿಸುವಾಗ ಆಡಿನ ಮೂತಿ ಬೆನ್ನಿನ ಮಟ್ಟಕ್ಕಷ್ಟೇ ಇರಬೇಕು, ಬಾಯಿಯ ಪಕ್ಕದ ಸಂದಿನಿಂದ ಗುಟುಕು ಗುಟುಕಾಗಿ ಹಾಕಬೇಕು. ಮೂತಿ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮದ್ದಿನಿಂದಲೇ ಸತ್ತ ಆಡುಗಳ ಲೆಕ್ಕ ಯಾರೂ ಇಟ್ಟಿರುವುದಿಲ್ಲ. ವೈದ್ಯರು ರಕ್ತನಾಳಕ್ಕೆ ಸಲೈನ್ ಕೊಟ್ಟರು. ಒಂದು ಆಡು ಮೂರನೇ ದಿನ ಮೆಲುಕು ಹಾಕಿತು. ಇನ್ನೊಂದು ಅಂದೇ ಸಂಜೆ ಸತ್ತಿತು.

ಹುಡುಗ ಎರಡು ದಿನ ದಡ್ಡಿಯ ಕಡೆ ಬರಲಿಲ್ಲ. ಮೂರನೇ ದಿನ ಮುತ್ಯಾನೇ ಅವನ ಮನೆಗೆ ಹೋಗಿ ಕರೆತಂದ. "ಕಾಳ ಕೊಡಬ್ಯಾಡ ಅನ್ನಾಂಗಿಲ್ಲ. ಹಿಡಿಯಿಂದ ಸುರು ಮಾಡು," ಎಂದ. ಲೆಕ್ಕ ಹೀಗೆ: ಮೊದಲ ಮೂರು ದಿನ ಐವತ್ತು ಗ್ರಾಂ, ಮುಂದಿನ ಮೂರು ದಿನ ನೂರು, ಹೀಗೆ ಎರಡು ವಾರದಲ್ಲಿ ಇನ್ನೂರಕ್ಕೆ ತರಬೇಕು. ಕಾಳು ಯಾವಾಗಲೂ ಹೊಟ್ಟು ತಿಂದ ಮೇಲೆಯೇ, ಹಸಿದ ಹೊಟ್ಟೆಗೆ ಬೇಡ.

ಮಿರಗದ ಮಳೆ ಬಂದ ಮೇಲೆ

ಮೇ ತಿಂಗಳಲ್ಲಿ, ಮಳೆಗೆ ಮುಂಚೆಯೇ, ಕರುಳು ಬೇನೆಯ ಲಸಿಕೆ ಆಗಬೇಕು. ಮೊದಲ ಸಲ ಹಾಕಿಸುವವರು ಎರಡು ವಾರ ಬಿಟ್ಟು ಎರಡನೇ ಸೂಜಿ ಹಾಕಿಸಲೇಬೇಕು, ಒಂದರಿಂದ ಸಾಕಷ್ಟು ಬಲ ಬರುವುದಿಲ್ಲ. ಈ ಬೇನೆ ಹಿಂಡಿನಲ್ಲಿ ಎಲ್ಲಕ್ಕಿಂತ ಪುಷ್ಟವಾದ ಆಡನ್ನೇ ಹಿಡಿಯುತ್ತದೆ: ಹೊಸ ಹುಲ್ಲನ್ನು ಗಬಗಬ ತಿಂದದ್ದು ಅದೇ. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಮದ್ದಿಗೆ ಹೊತ್ತೇ ಸಿಗುವುದಿಲ್ಲ. ಪಿಪಿಆರ್ ಲಸಿಕೆ ಬೇರೆಯದು, ಒಮ್ಮೆ ಹಾಕಿದರೆ ಮೂರು ವರ್ಷದ ಮಟ್ಟಿಗೆ ಕಾಯುತ್ತದೆ. ಯಾವುದನ್ನು ಯಾವ ದಿನ ಹಾಕಿಸಿದೆ ಎಂದು ಬರೆದಿಡಬೇಕು.

ಮಿರಗ ಜೂನ್ ಮೊದಲ ವಾರದಲ್ಲಿ ಕೂಡುತ್ತದೆ. ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು, ಹದಿನೈದು ದಿನದಲ್ಲಿ ಬದುವೆಲ್ಲ ಹಸಿರು. ಹುಡುಗನಿಗೆ ಸಂಭ್ರಮ. ಬೆಳಕು ಹರಿಯುತ್ತಲೇ ಆಡು ಹೊಡೆದುಕೊಂಡು ಹೊರಡುತ್ತಿದ್ದ. ಮುತ್ಯಾ ತಡೆದ: "ಇಬ್ಬನಿ ಆರಲಿ."

ಕಾರಣವಿದೆ. ಆಡಿನ ಹೊಟ್ಟೆಯಲ್ಲಿ ಗೋಡೆಗೆ ಕಚ್ಚಿ ರಕ್ತ ಹೀರುವ ಒಂದು ಸಣ್ಣ ಹುಳು ಇರುತ್ತದೆ, ದಾರದೆಳೆಯಷ್ಟು. ಅದರ ತತ್ತಿ ಹಿಕ್ಕಿಯಲ್ಲಿ ಹೊರಬೀಳುತ್ತದೆ, ಬೆಚ್ಚಗೆ ಹಸಿಯಿದ್ದರೆ ಒಂದು ವಾರದೊಳಗೆ ಮರಿಹುಳುವಾಗುತ್ತದೆ. ಆ ಮರಿಹುಳು ನೀರಿನ ಪೊರೆ ಇದ್ದರೆ ಮಾತ್ರ ಹುಲ್ಲಿನ ದಂಟು ಹತ್ತಬಲ್ಲದು, ಅದೂ ಬಹುಪಾಲು ನೆಲದಿಂದ ನಾಲ್ಕು ಬೆರಳು. ಇಬ್ಬನಿಯ ಹೊತ್ತಲ್ಲಿ ಗಿಡ್ಡ ಹುಲ್ಲು ಮೇಯ್ದ ಆಡು ಅದನ್ನೇ ನುಂಗುತ್ತದೆ. ಬಿಸಿಲೇರಿದ ಮೇಲೆ ಬಿಟ್ಟರೆ, ಅದೂ ಹುಲ್ಲಿಗಿಂತ ಕಂಟಿ, ಗಿಡದ ಕಡೆಗೆ ಹೊಡೆದರೆ, ಅರ್ಧ ಕಾಟ ಮದ್ದಿಲ್ಲದೆ ತಪ್ಪುತ್ತದೆ. ಮೂಲತಃ ಆಡು ತಲೆ ಎತ್ತಿ ತಿನ್ನುವ ಪ್ರಾಣಿ. ಅದನ್ನು ಕುರಿಯ ಹಾಗೆ ನೆಲ ಕೆರೆದು ಮೇಯಿಸಿದರೆ ಹುಳು ಹೆಚ್ಚು.

ಹುಡುಗ ಹುಳುವಿನ ಮದ್ದು ಹಾಕುತ್ತಿರಲಿಲ್ಲ ಎಂದಲ್ಲ. ತಿಂಗಳಿಗೊಮ್ಮೆ, ಎಲ್ಲಕ್ಕೂ, ತಲಾ ಐದು ಮಿಲಿ. ಆದರೂ ಜುಲೈ ಮೂರನೇ ವಾರ ಸಂಜೆ ಒಂದು ಆಡಿನ ಗದ್ದದ ಕೆಳಗೆ ಮೆತ್ತನೆಯ ಚೀಲ ಜೋತುಬಿತ್ತು. ಬೆಳಿಗ್ಗೆ ನೋಡಿದರೆ ಬಹುಮಟ್ಟಿಗೆ ಇಳಿದಿತ್ತು, ಆರಾಮಾಯಿತು ಎಂದುಕೊಂಡ. ಸಂಜೆ ಮತ್ತೆ ಬಂತು. ಇದೇ ಗದ್ದ ಬಾವು. ರಕ್ತ ಕಡಿಮೆಯಾಗಿ ತೆಳುವಾದಾಗ ಅದರ ನೀರು ಸೋರುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯ್ದಾಗ ಗದ್ದಕ್ಕಿಳಿಯುತ್ತದೆ, ರಾತ್ರಿ ತಲೆ ಎತ್ತಿ ಮಲಗಿದಾಗ ಹಿಂದೆ ಸರಿಯುತ್ತದೆ. ಆದ್ದರಿಂದ ಇದನ್ನು ನೋಡಬೇಕಾದದ್ದು ಸಂಜೆ.

ಮುತ್ಯಾ ಒಂಬತ್ತೂ ಆಡುಗಳನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣು ನೋಡಿದ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಿಂದ ಗುಡ್ಡೆಯ ಮೇಲೆ ಮೆತ್ತಗೆ ಒತ್ತಿ, ಇನ್ನೊಂದು ಹೆಬ್ಬೆರಳಿಂದ ಕೆಳರೆಪ್ಪೆ ಎಳೆದರೆ ಒಳಗಿನ ಪೊರೆ ಹೊರಗೆ ಬರುತ್ತದೆ. ದಾಳಿಂಬೆ ಕಾಳಿನ ಕೆಂಪಾದರೆ ಏನೂ ಬೇಡ. ತಿಳಿ ಗುಲಾಬಿಯಾದರೆ ಅನುಮಾನ, ಮೈಕೈ ತೆಳ್ಳಗಿದ್ದರೆ ಮದ್ದು. ಸುಣ್ಣದ ಬಿಳುಪಾದರೆ ಅದೇ ದಿನ ಮದ್ದು, ಮೇಯಲು ಬಿಡದೆ ದಡ್ಡಿಯಲ್ಲೇ ಮೇವು. ನೆರಳಲ್ಲಿ ಎಲ್ಲವೂ ಬಿಳುಪಾಗಿಯೇ ಕಾಣುತ್ತವೆ, ಬಿಸಿಲಲ್ಲೇ ನೋಡಬೇಕು. ಆರು ಕೆಂಪಗಿದ್ದವು, ಒಂದು ಗುಲಾಬಿ, ಎರಡು ಬಿಳುಪು. ರಕ್ತ ಕಡಿಮೆಯಾಗಲು ಉಣ್ಣಿಯೂ ಕಾರಣವಿರಬಹುದು, ಅದಕ್ಕೆ ಕಿವಿಯೊಳಗೆ, ತೊಡೆಸಂದಿಯಲ್ಲಿ ಬೆರಳಾಡಿಸಿ ನೋಡಿದ, ಹೆಚ್ಚೇನಿರಲಿಲ್ಲ.

ಕಣ್ಣು ಮುತ್ಯಾನ ವಿದ್ಯೆ. ಮದ್ದಿನ ಅಳತೆ ಪಶು ವೈದ್ಯರದು. ತೂಕ ತಿಳಿಯಲು ಟೇಪು ಸಾಕು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅದರಿಂದಲೇ ಗುಣಿಸಿ, ಹೆಗಲ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಬರುತ್ತದೆ. ಗದ್ದ ಬಾವಿನ ಆಡಿನ ಸುತ್ತಳತೆ 28, ಉದ್ದ 24.

```
28 × 28 × 24 ÷ 660 = 28.5 ಕಿಲೋ
28.5 × 10 = 285 ಮಿಗ್ರಾಂ
285 ÷ 25 = 11.4 ಮಿಲಿ
```

ವೈದ್ಯರು ಬರೆದದ್ದು ಫೆನ್‌ಬೆಂಡಜೋಲ್, ಕಿಲೋಗೆ 10 ಮಿಗ್ರಾಂ. ಬಾಟಲಿಯ ಮೇಲೆ 2.5 ಪ್ರತಿಶತ ಎಂದಿತ್ತು, ಅಂದರೆ ಒಂದು ಮಿಲಿಯಲ್ಲಿ 25 ಮಿಗ್ರಾಂ. ಬೇಕಿದ್ದದ್ದು ಹನ್ನೊಂದೂವರೆ ಮಿಲಿ, ಹುಡುಗ ಹಾಕುತ್ತಿದ್ದದ್ದು ಐದು. ಅರೆಮದ್ದಿನಲ್ಲಿ ಬಡ ಹುಳು ಸಾಯುತ್ತವೆ, ಗಟ್ಟಿ ಹುಳು ಉಳಿದು ಮುಂದಿನ ತತ್ತಿಯೆಲ್ಲ ಅವುಗಳದ್ದೇ ಆಗುತ್ತದೆ. ಎಲ್ಲ ಆಡಿಗೂ ತಿಂಗಳು ತಿಂಗಳು ಹಾಕಿದರೂ ಅದೇ ಗತಿ. ಬೇಕಾದದ್ದಕ್ಕೆ ಮಾತ್ರ, ಆದರೆ ಪೂರ್ತಿ ಅಳತೆ. ಮೂರಕ್ಕೆ ಹಾಕಿ, ಎರಡು ವಾರದ ಮೇಲೆ ಕಣ್ಣು ಮತ್ತೆ ನೋಡಿದರು. ಬಿಳುಪಿದ್ದವು ಗುಲಾಬಿಗೆ ಬಂದಿದ್ದವು. ಬಾರದಿದ್ದರೆ ಆ ಮದ್ದು ಅಲ್ಲಿ ನಾಟುತ್ತಿಲ್ಲ ಎಂದರ್ಥ, ಹಿಕ್ಕಿ ಪರೀಕ್ಷೆ ಮಾಡಿಸಿ ಬೇರೆ ಮದ್ದು ಕೇಳಬೇಕು. ಹೋತ ಕೂಡಿದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ, ಹೊಟ್ಟೆಯ ಮರಿ ಊನವಾಗುವ ಭಯವಿದೆ.

ಮರಿ ಬೀಳುವ ರಾತ್ರಿ

ಹೋತನನ್ನು ಹಿಂಡಿಗೆ ಬಿಟ್ಟದ್ದು ಜೂನ್ 5ಕ್ಕೆ. ಆಡಿನ ಗಬ್ಬ ಸುಮಾರು 150 ದಿನ, ಅಂದರೆ ಮೊದಲ ಮರಿ ನವೆಂಬರ್ ಮೊದಲ ವಾರಕ್ಕೆ. ಜಡಿಮಳೆಯಲ್ಲಿ ಬಿದ್ದ ಮರಿ ನೆಗಡಿ, ಉಬ್ಬಸಕ್ಕೆ ಸಾಯುತ್ತದೆ. ನವೆಂಬರಿನಲ್ಲಿ ಮಳೆ ಹಿಂದೆ ಬಿದ್ದಿರುತ್ತದೆ, ಗಿಡದಲ್ಲಿ ಸೊಪ್ಪಿನ್ನೂ ಇರುತ್ತದೆ. ಅದಕ್ಕಾಗಿಯೇ ಜೂನ್‌ವರೆಗೆ ಹೋತ ಆಡುಗಳನ್ನು ಕೂಡದಂತೆ ಮುತ್ಯಾ ಅದರ ಹೊಟ್ಟೆಯ ಕೆಳಗೆ ಗೋಣಿ ತಟ್ಟು ಕಟ್ಟಿಟ್ಟಿದ್ದ. ಗಬ್ಬದ ಕೊನೆಯ ಆರು ವಾರ ದಿನಕ್ಕೆ ಇನ್ನೂರು ಗ್ರಾಂ ಕಾಳು ಬೇಕು, ಮರಿ ಬಹುಪಾಲು ಬೆಳೆಯುವುದು ಆಗಲೇ.

ಬಾಲದ ಬುಡದ ಎರಡೂ ಕಡೆ ತಗ್ಗು ಬಿದ್ದು, ಕೆಚ್ಚಲು ಬಿಗಿದು, ಆಡು ಹಿಂಡು ಬಿಟ್ಟು ಮೂಲೆ ಸೇರಿ ನೆಲ ಕೆರೆದರೆ ಆ ರಾತ್ರಿಯೇ. ಮುಂಗಾಲು ಎರಡು, ಅವುಗಳ ಮೇಲೆ ಮೂತಿ, ಹೀಗೆ ಬಂದರೆ ಕೈ ಹಚ್ಚಬಾರದು. ಜೋರಾಗಿ ತಿಣುಕಲು ಶುರುವಾಗಿ ಅರ್ಧ ಗಂಟೆ ಕಳೆದರೂ ಏನೂ ಕಾಣದಿದ್ದರೆ, ಇಲ್ಲವೇ ಒಂದೇ ಕಾಲು, ಬರೀ ತಲೆ ಬಂದರೆ ವೈದ್ಯರನ್ನು ಕರೆಯಬೇಕು.

ಮೊದಲ ಆಡು ಎರಡು ಮರಿ ಹಾಕಿತು. ಹುಡುಗ ಮೂಗು, ಬಾಯಿಯ ಲೋಳೆ ಒರೆಸಿದ. ಹೊಕ್ಕುಳ ಬಳ್ಳಿಯನ್ನು ಎರಡು ಇಂಚು ಬಿಟ್ಟು ದಾರದಿಂದ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಚರ್ ಅಯೋಡಿನ್ ತುಂಬಿದ ಸಣ್ಣ ಡಬ್ಬಿಯಲ್ಲಿ ತುದಿಯನ್ನು ಅದ್ದಿದ. ಮರಿಯನ್ನು ಕೆಚ್ಚಲಿಗೆ ಹಚ್ಚಲು ಹೋದಾಗ ಮುತ್ಯಾ ಬೇಡವೆಂದ.

"ಮಾಸ ಬೀಳಲಿ. ಅಲ್ಲಿತನಕ ಗಿಣ್ಣ ಕುಡಿಸಬಾರದು."

ಇಲ್ಲಿ ಮುತ್ಯಾನ ಮಾತು ತಪ್ಪು. ಈ ಭಾಗದ ಅನೇಕ ಕಡೆ ನಡೆದುಬಂದ ರೂಢಿ ಇದು, ಮರಿಗಳ ಜೀವಕ್ಕೆ ಎರವಾಗುವ ರೂಢಿ. ಮರಿ ಹುಟ್ಟುವಾಗ ಬೇನೆ ತಡೆಯುವ ಶಕ್ತಿ ಅದರ ರಕ್ತದಲ್ಲಿ ಇರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ತಾಸು ತಾಸಿಗೆ ಮುಚ್ಚುತ್ತಾ ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ. ಮಾಸು ಬೀಳಲು ಎಷ್ಟೋ ತಾಸು ಹಿಡಿಯಬಹುದು. ಮೇಲಾಗಿ ಮರಿ ಕೆಚ್ಚಲು ಚೀಪಿದಾಗಲೇ ಗರ್ಭಕೋಶ ಹಿಂಡಿಕೊಂಡು ಮಾಸು ಬೇಗ ಜಾರುತ್ತದೆ.

ಹುಡುಗ ವಾದಕ್ಕೆ ಇಳಿಯಲಿಲ್ಲ. "ಡಾಕ್ಟರ್ ಹಿಂಗ ಹೇಳ್ಯಾರ ಮುತ್ಯಾ, ಇದೊಂದ್ರಾಗ ನೋಡೂಣು," ಎಂದು ಮೊದಲು ಎರಡೂ ಮೊಲೆಯಿಂದ ಒಂದೆರಡು ಧಾರೆ ನೆಲಕ್ಕೆ ಹಿಂಡಿದ, ತುದಿಗೆ ಕಟ್ಟಿದ ಮೇಣದಂಥ ಬಿರಡೆ ಬಿಡಲೆಂದು. ಒಂದು ಮರಿ ಅರ್ಧ ಗಂಟೆಯೊಳಗೆ ಎದ್ದು ತಾನೇ ಕುಡಿಯಿತು. ಇನ್ನೊಂದು ಸಣ್ಣದು, ಎರಡು ಕಿಲೋಗೂ ಕಡಿಮೆ. ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ತಣ್ಣಗಿನ ಮರಿಗೆ ಹಾಲು ಹಾಕಿದರೆ ಅರಗುವುದಿಲ್ಲ, ಮೊದಲು ಮೈ ಕಾಯಿಸಬೇಕು. ಮುತ್ಯಾ ಮಾತಿಲ್ಲದೆ ಅದನ್ನು ತನ್ನ ಕಂಬಳಿಯೊಳಗೆ ಎದೆಗೆ ಹಚ್ಚಿಕೊಂಡು ಕೂತ. ಅರ್ಧ ಗಂಟೆಗೆ ಬಾಯಿ ಬೆಚ್ಚಗಾಯಿತು, ಬೆರಳು ಚೀಪಿತು. ಆಮೇಲೆ ಹಿಂಡಿದ ಗಿಣ್ಣ, ಐವತ್ತು ಮಿಲಿ, ಬಾಟಲಿಯಿಂದ. ಮೊದಲ ದಿನಕ್ಕೆ ತೂಕದ ಹತ್ತರಲ್ಲೊಂದು ಪಾಲು, ಅಂದರೆ ಈ ಮರಿಗೆ ಇನ್ನೂರು ಮಿಲಿಯ ಹತ್ತಿರ, ನಾಲ್ಕು ಸಲಕ್ಕೆ.

ಮಾಸು ಬೆಳಕು ಹರಿಯುವ ಮುಂಚೆಯೇ ಬಿತ್ತು. ಅದನ್ನು ನಾಯಿಗೆ ಸಿಗದಂತೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಆಳವಾಗಿ ಹೂಳಬೇಕು. ಮಾಸಿನಿಂದ ಮನುಷ್ಯರಿಗೂ ಹತ್ತುವ ಜ್ವರಗಳಿವೆ. ಹನ್ನೆರಡು ತಾಸಾದರೂ ಬೀಳದಿದ್ದರೆ ಎಳೆಯದೆ ವೈದ್ಯರಿಗೆ ತಿಳಿಸಬೇಕು.

ಎರಡನೇ ಆಡು ಈಯ್ದದ್ದು ನಾಲ್ಕು ದಿನಕ್ಕೆ. ಅಂದು ಹುಡುಗ ಬರುವಷ್ಟರಲ್ಲಿ ಮುತ್ಯಾ ದಡ್ಡಿಯಲ್ಲಿದ್ದ. ಮಾಸು ಇನ್ನೂ ಜೋತಾಡುತ್ತಿತ್ತು, ಮರಿ ಆಗಲೇ ಕೆಚ್ಚಲಿಗೆ ಬಾಯಿ ಹಚ್ಚಿತ್ತು.